ತಿದ್ದುಪಡಿಗೂ ಮಿತಿ ಇರಲಿ

ಅಗರಬತ್ತಿ ಪೊಟ್ಟಣದ ವಿನ್ಯಾಸವನ್ನು ಹೊಸ ವಿನ್ಯಾಸಕಾರರೊಬ್ಬರಿಗೆ ಒಪ್ಪಿಸಲು ಮುಂದಾದ ಉದ್ಯಮಿ ಮಿತ್ರರಿಗೆ, ಕೆಲಸ ಆರಂಭವಾಗುವ ಮೊದಲೇ ಅವರಿಂದ ಇ-ಮೇಲ್ ಬಂದಿತು. ಶುಲ್ಕ 20,000 ರೂ.; ಮುಂಗಡ 10,000 ರೂ.; ಎರಡು ತಿದ್ದುಪಡಿಗಳು ಶುಲ್ಕದೊಳಗೆ, ಅನಂತರ ಪ್ರತಿಯೊಂದಕ್ಕೆ 1,500 ರೂ.; ಬಾಕಿ ಸಂದಾಯವಾದ ಮೇಲೆಯೇ ಮುದ್ರಣದ ಫೈಲು. ಮಿತ್ರರಿಗೆ ಇದು ಅಪನಂಬಿಕೆಯಾಗಿ ತೋರಿತು. ನನಗೆ ಹಾಗೆನಿಸದು. ಹೊಸ ಗಿರಾಕಿಯ ಆರ್ಡರಿಗೆ ನಾವೂ ಮುಂಗಡ ಕೇಳುವುದಿಲ್ಲವೇ?

ಪತ್ರದ ನಿಜವಾದ ಕೊರತೆ ಬೇರೆಯೇ ಇತ್ತು. ಒಂದು ತಿದ್ದುಪಡಿ ಎಂದರೆ ಎಷ್ಟು ಎಂಬುದನ್ನು ಅದು ತಿಳಿಸಿರಲಿಲ್ಲ. ಮಾಲೀಕರು ಬಣ್ಣ ಬದಲಿಸಲು ಸೂಚಿಸಿದರು; ಮರುದಿನ ಅವರ ಪುತ್ರರು ಅಕ್ಷರ ದೊಡ್ಡದಿರಲಿ ಎಂದರು; ಬಳಿಕ ವಿತರಕರ ಸಲಹೆ ಬಂದಿತು. ಮೂರೇ ದಿನಗಳಲ್ಲಿ ಮಿತಿ ಮೀರಿ ವಾಗ್ವಾದ ಹುಟ್ಟಿತು. ಎಲ್ಲರ ಅಭಿಪ್ರಾಯಗಳನ್ನು ಒಬ್ಬರೇ ಕ್ರೋಡೀಕರಿಸಿ ಒಂದೇ ಪಟ್ಟಿಯಾಗಿ ಕಳುಹಿಸಿದರೆ ಅದು ಒಂದು ತಿದ್ದುಪಡಿ ಎಂದು ಬರೆದಿದ್ದರೆ ಸಾಕಿತ್ತು. ಪೊಟ್ಟಣದ ಅಳತೆಯೇ ಬದಲಾದರೆ ಕತ್ತರಿಸುವ, ಮಡಿಸುವ ಗೆರೆಗಳನ್ನು ಮತ್ತೆ ಹಾಕಬೇಕಾಗುತ್ತದೆ. ಅದು ಹೊಸ ಕೆಲಸವೇ ಸರಿ.

ಇಂತಹ ಪತ್ರಕ್ಕೆ ಉತ್ತರಿಸದೆ ಮುಂಗಡವನ್ನಷ್ಟೇ ಕಳುಹಿಸುವುದು ನಮ್ಮಲ್ಲಿ ರೂಢಿ. ಅದರ ಬದಲು ಮೇಲಿನ ಎರಡು ವಿವರಣೆಗಳನ್ನು ನಾವೇ ಬರೆದು, ಅವರ ಒಪ್ಪಿಗೆ ಬಂದ ಬಳಿಕ ಹಣ ಕಳುಹಿಸುವುದು ಲೇಸು.