ಗಡ್ಡದ ಎಣ್ಣೆ ಹಚ್ಚಿದರೆ ಖಾಲಿ ಜಾಗದಲ್ಲಿ ಕೂದಲು ಬರುತ್ತದೆಯೇ?

ಎರಡು ಫೋಟೋಗಳನ್ನು ಅಕ್ಕಪಕ್ಕ ಜೋಡಿಸಿದ ಒಂದು ಫಾರ್ವರ್ಡ್ ನಿಮಗೂ ಬಂದಿರಬಹುದು. ಎಡಗಡೆ ಕೆನ್ನೆಯ ಮೇಲೆ ಅಲ್ಲಲ್ಲಿ ಖಾಲಿ ಬಿಟ್ಟ ಗಡ್ಡ, ಬಲಗಡೆ ಅದೇ ಹುಡುಗನ ತುಂಬು ಗಡ್ಡ. ಕೆಳಗೆ "90 ದಿನ ಈ ಎಣ್ಣೆ ಹಚ್ಚಿ ನೋಡಿ" ಎಂಬ ಸಾಲು. ಫೋಟೋ ಸುಳ್ಳೇ ಆಗಿರಬೇಕೆಂದಿಲ್ಲ. ಆ ಬದಲಾವಣೆಯನ್ನು ತಂದದ್ದು ಎಣ್ಣೆಯೇ ಎಂಬುದು ಬೇರೆ ಮಾತು.

ಮೊದಲು ಅಂಗಡಿಯಲ್ಲಿ ಸಿಗುವ ಮೂರು ಡಬ್ಬಿಗಳನ್ನು ತೆರೆದು ನೋಡೋಣ. ಬಿಯರ್ಡ್ ಆಯಿಲ್ ಎಂದರೆ ಸಾಮಾನ್ಯವಾಗಿ ಬಾದಾಮಿ, ಜೊಜೊಬಾ, ಆರ್ಗನ್, ತೆಂಗಿನೆಣ್ಣೆಯಂಥ ಒಂದೆರಡು ಎಣ್ಣೆಗಳು ಮತ್ತು ಸುವಾಸನೆಗೆ ಕೆಲವು ಹನಿ ಸುಗಂಧ ತೈಲ. ಅದು ಒರಟು ಕೂದಲನ್ನು ಮೆತ್ತಗೆ ಮಾಡುತ್ತದೆ, ಅದರಡಿಯ ಚರ್ಮ ಒಣಗಿ ಕೆರೆಯದಂತೆ ನೋಡಿಕೊಳ್ಳುತ್ತದೆ. ಗಡ್ಡ ಬಿಡಲು ಶುರುಮಾಡಿದ ಎರಡು ಮೂರನೇ ವಾರದಲ್ಲಿ ಕಾಡುವ ತುರಿಕೆಗೆ ಇದು ಹಿತ. ಮುಖ ತೊಳೆದು ಒರೆಸಿಕೊಂಡ ಮೇಲೆ ಸ್ವಲ್ಪ ತೇವ ಇರುವಾಗಲೇ ಮೂರ್ನಾಲ್ಕು ಹನಿ ಅಂಗೈಯಲ್ಲಿ ಉಜ್ಜಿ ಬುಡದವರೆಗೂ ಸವರಿದರೆ ಸಾಕು.

ಬಾಮ್ ಎಂದರೆ ಅದೇ ಎಣ್ಣೆಗೆ ಜೇನುಮೇಣ ಮತ್ತು ಶಿಯಾ ಬೆಣ್ಣೆಯಂಥ ಗಟ್ಟಿ ಕೊಬ್ಬನ್ನು ಬೆರೆಸಿ ಮುಲಾಮಿನ ಹದಕ್ಕೆ ತಂದದ್ದು. ಉದ್ದ ಬಿಟ್ಟ ಗಡ್ಡ ಎಲ್ಲೆಂದರಲ್ಲಿ ಎದ್ದು ನಿಲ್ಲದಂತೆ ಇದು ಸ್ವಲ್ಪ ಹಿಡಿದಿಡುತ್ತದೆ. ವ್ಯಾಕ್ಸ್‌ನಲ್ಲಿ ಮೇಣದ ಪಾಲು ಇನ್ನೂ ಹೆಚ್ಚು. ಉಗುರಿನಿಂದ ಕೆರೆದು, ಬೆರಳ ಬಿಸಿಗೆ ಕರಗಿಸಿ ಹಚ್ಚಬೇಕು. ಮೀಸೆಯ ತುದಿ ತಿರುವಿ ನಿಲ್ಲಿಸುವುದಕ್ಕೆ ಇದು. ಚರ್ಮಕ್ಕೆ ಇದರಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ.

ಮೂರೂ ಕೆಲಸ ಮಾಡುವುದು ಈಗಾಗಲೇ ಚರ್ಮದಿಂದ ಹೊರಬಂದಿರುವ ಕೂದಲಿನ ಮೇಲೆ ಮತ್ತು ಚರ್ಮದ ಮೇಲ್ಪದರದ ಮೇಲೆ. ಹೊರಬಂದ ಕೂದಲಿಗೆ ಜೀವವಿಲ್ಲ. ಹೊಸ ಕೂದಲು ಹುಟ್ಟಬೇಕೋ ಬೇಡವೋ ಎಂಬುದು ನಿರ್ಧಾರವಾಗುವುದು ಚರ್ಮದೊಳಗಿನ ಕೂದಲ ಕೋಶದಲ್ಲಿ. ಹುಡುಗರು ಪ್ರಾಯಕ್ಕೆ ಬಂದಾಗ ಟೆಸ್ಟೋಸ್ಟೆರಾನ್ ಮತ್ತು ಅದರಿಂದ ತಯಾರಾಗುವ ಡಿಎಚ್‌ಟಿ ಎಂಬ ಹಾರ್ಮೋನು ಆ ಕೋಶಗಳಿಗೆ ಸೂಚನೆ ಕೊಡುತ್ತವೆ. ಅದನ್ನು ಕೇಳಿಸಿಕೊಂಡ ಕೋಶದಲ್ಲಿ ಕಣ್ಣಿಗೆ ಕಾಣದಷ್ಟು ನವಿರಾಗಿದ್ದ ರೋಮ ದಪ್ಪ ಕಪ್ಪು ಕೂದಲಾಗುತ್ತದೆ. ಯಾವ ಜಾಗದ ಕೋಶ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದು ಬಹುಮಟ್ಟಿಗೆ ವಂಶದಿಂದ ಬಂದದ್ದು. ಹಾಗಾಗಿ ಗಡ್ಡ ತುಂಬಿಲ್ಲ ಎಂದ ಮಾತ್ರಕ್ಕೆ ಗಂಡಸುತನದ ಹಾರ್ಮೋನು ಕಡಿಮೆ ಎಂದಲ್ಲ. ಇಂಥವರಲ್ಲಿ ಹೆಚ್ಚಿನವರ ಹಾರ್ಮೋನು ಮಟ್ಟ ಸರಿಯಾಗಿಯೇ ಇರುತ್ತದೆ. ಮೊದಲು ಮೇಲ್ದುಟಿ, ಆಮೇಲೆ ಗಲ್ಲ, ಕೆನ್ನೆ ತುಂಬುವುದು ಕೊನೆಗೆ. ಕೆಲವರಿಗೆ ಇದು ಇಪ್ಪತ್ತರ ಕೊನೆಯವರೆಗೂ ನಡೆಯುತ್ತಲೇ ಇರುತ್ತದೆ.

ಈಗ ಆ 90 ದಿನದ ಫೋಟೋಗೆ ಬರೋಣ. 21 ವರ್ಷದ ಒಬ್ಬ ಹುಡುಗ, ಕೆನ್ನೆಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು, ಅಂದರೆ ಸುಮಾರು 2 ಸೆಂಟಿಮೀಟರ್ ಅಗಲದ ಖಾಲಿ ಜಾಗ ಎಂದುಕೊಳ್ಳಿ. ಗಡ್ಡದ ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಎಣ್ಣೆ ಹಚ್ಚಲು ಶುರುಮಾಡಿದ ಹುಡುಗ ಫಲ ಕಾಣುವ ಆಸೆಯಿಂದ ಮೂರು ತಿಂಗಳು ಶೇವಿಂಗೂ ಮಾಡಲ್ಲ, ಟ್ರಿಮ್ಮೂ ಮಾಡಲ್ಲ. ಖಾಲಿ ಜಾಗದ ಮೇಲಿನ ಅಂಚಿನಲ್ಲಿರುವ ಕೂದಲು 3 ಸೆಂಟಿಮೀಟರ್ ಉದ್ದವಾಗಿ ಕೆಳಕ್ಕೆ ಬಾಗಿ ಆ ನಾಣ್ಯವನ್ನು ಪೂರ್ತಿ ಮುಚ್ಚುತ್ತದೆ. ಎಣ್ಣೆಯ ಹೊಳಪಿಗೆ ಕೂದಲು ಇನ್ನಷ್ಟು ಕಪ್ಪಾಗಿ, ಒತ್ತಾಗಿ ಕಾಣುತ್ತದೆ. ವಯಸ್ಸಿನ ಕಾರಣಕ್ಕೆ ಹೇಗೂ ಬರಬೇಕಿದ್ದ ನಾಲ್ಕು ಹೊಸ ಕೂದಲು ಬಂದಿದ್ದರೆ ಅದರ ಶ್ರೇಯಸ್ಸೂ ಬಾಟಲಿಗೇ.

ಪರೀಕ್ಷಿಸಿ ನೋಡಬೇಕೆನ್ನುವವರಿಗೆ ದಾರಿ ಇದೆ. ಗಡ್ಡವನ್ನು ಟ್ರಿಮ್ಮರ್‌ನಲ್ಲಿ 3 ಮಿಲಿಮೀಟರ್‌ಗೆ ಇಳಿಸಿ, ಎಣ್ಣೆ ಇಲ್ಲದ ಒಣ ಮುಖದಲ್ಲಿ ಎರಡೂ ಕೆನ್ನೆಯ ಫೋಟೋ ತೆಗೆಯಿರಿ. ಮೂರ್ನಾಲ್ಕು ತಿಂಗಳು ಒಂದೇ ಕೆನ್ನೆಗೆ ಎಣ್ಣೆ ಹಚ್ಚಿ. ಮತ್ತೆ ಅದೇ ಅಳತೆಗೆ ಇಳಿಸಿ, ಅದೇ ಜಾಗದ ಬೆಳಕಿನಲ್ಲಿ ಫೋಟೋ ತೆಗೆದು ಹೋಲಿಸಿ. ಮಾರಾಟದ ಫೋಟೋಗಳಲ್ಲಿ ಎರಡೂ ಕಡೆ ಒಂದೇ ಉದ್ದದ ಗಡ್ಡ ಕಾಣುವುದು ಅಪರೂಪ.

ಹರಳೆಣ್ಣೆ, ಈರುಳ್ಳಿ ರಸದ ಕಥೆಯೂ ಇದೇ. ಹರಳೆಣ್ಣೆ ಅಂಟು ಹೆಚ್ಚಿರುವ ಎಣ್ಣೆ, ಕೂದಲಿಗೆ ಮೆತ್ತಿಕೊಂಡು ದಪ್ಪ ಕಾಣಿಸುತ್ತದೆ. ಈರುಳ್ಳಿ ರಸದ ಬಗ್ಗೆ 2002ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟವಾಗಿತ್ತು ನಿಜ. ಆದರೆ ಅದು ಅಲೋಪೇಸಿಯಾ ಏರಿಯೇಟಾ ಎಂಬ ಕಾಯಿಲೆಯಿಂದ ಕೂದಲು ಉದುರಿದವರ ಮೇಲೆ ನಡೆದದ್ದು, ಹುಟ್ಟಿನಿಂದ ಗಡ್ಡ ವಿರಳ ಇರುವವರ ಮೇಲಲ್ಲ. ಮುಖಕ್ಕೆ ಹಸಿ ಈರುಳ್ಳಿ ರಸ ಸುಟ್ಟಂತೆ ಉರಿಯುವುದುಂಟು.

ಎಣ್ಣೆಯಿಂದ ತೊಂದರೆ ಆಗುವುದೂ ಇದೆ. ಮೊಡವೆ ಏಳುವ ಮುಖಕ್ಕೆ ದಪ್ಪ ಎಣ್ಣೆ, ಬಾಮ್ ಹಚ್ಚಿದರೆ ರಂಧ್ರ ಮುಚ್ಚಿ ಮೊಡವೆ ಹೆಚ್ಚಬಹುದು. ಗಡ್ಡದಡಿ ಕೆಂಪಾಗಿ ಹೊಟ್ಟು ಏಳುತ್ತಿದ್ದರೆ ಅದು ಬರೀ ಒಣಚರ್ಮ ಅಲ್ಲದಿರಬಹುದು. ಆ ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಶಿಲೀಂಧ್ರ ಕೊಬ್ಬನ್ನೇ ತಿಂದು ಬದುಕುವಂಥದ್ದು. ಅಲ್ಲಿ ಎಣ್ಣೆಗಿಂತ ಕೀಟೊಕೊನಜೋಲ್ ಶಾಂಪೂ ಕೆಲಸಕ್ಕೆ ಬರುತ್ತದೆ.

ಹಾಗಾದರೆ ಗಡ್ಡ ಬೆಳೆಸುವ ವಸ್ತು ಯಾವುದೂ ಇಲ್ಲವೇ? ಸ್ವಲ್ಪ ಪುರಾವೆ ಇರುವುದು ಮಿನಾಕ್ಸಿಡಿಲ್ ಎಂಬ ಔಷಧಿಗೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 48 ಗಂಡಸರು 16 ವಾರ ಗಡ್ಡಕ್ಕೆ ಲೋಷನ್ ಹಚ್ಚಿದರು. ಅರ್ಧ ಜನರಿಗೆ ಶೇ. 3ರ ಮಿನಾಕ್ಸಿಡಿಲ್, ಉಳಿದವರಿಗೆ ಔಷಧಿ ಇಲ್ಲದ ಲೋಷನ್. ಯಾರಿಗೆ ಯಾವುದು ಎಂದು ಅವರಿಗೇ ಗೊತ್ತಿರಲಿಲ್ಲ. ಔಷಧಿ ಸಿಕ್ಕವರ ಗಡ್ಡ ಹೆಚ್ಚು ಸುಧಾರಿಸಿತ್ತು. ಆದರೆ ಅಧ್ಯಯನ ಚಿಕ್ಕದು, ಅವಧಿಯೂ ಕಡಿಮೆ. ಈ ಔಷಧಿಗೆ ಮಂಜೂರಾತಿ ಇರುವುದು ತಲೆಗೂದಲಿಗೆ. ಮೊದಲು ಇದು ರಕ್ತದೊತ್ತಡದ ಮಾತ್ರೆಯಾಗಿತ್ತು ಎಂಬುದನ್ನೂ ಮರೆಯಬಾರದು: ಚರ್ಮ ಕೆರೆದು ಸಿಪ್ಪೆ ಏಳುವುದು ಸಾಮಾನ್ಯ, ಕೆಲವರಿಗೆ ಎದೆ ಬಡಿತ ಜೋರಾಗುತ್ತದೆ, ತಲೆ ಸುತ್ತುತ್ತದೆ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮನೆಯಲ್ಲಿ ಬೆಕ್ಕಿದ್ದರಂತೂ ಜೋಪಾನ. ಹಚ್ಚಿದ ಕೆನ್ನೆಯನ್ನೋ ದಿಂಬನ್ನೋ ಅದು ನೆಕ್ಕಿದರೆ ಪ್ರಾಣಕ್ಕೇ ಕುತ್ತು.

ಎಣ್ಣೆ ಹಚ್ಚಿಕೊಂಡು ಕಾಯಲೇಬಾರದ ಸಂದರ್ಭವೂ ಒಂದಿದೆ. ಮೊದಲಿನಿಂದ ವಿರಳವಾಗಿರುವುದು ಬೇರೆ, ತುಂಬಿದ್ದ ಗಡ್ಡದಲ್ಲಿ ಇದ್ದಕ್ಕಿದ್ದಂತೆ ದುಂಡಗೆ, ನುಣ್ಣಗೆ ಬೋಳಾಗುವುದು ಬೇರೆ. ಎರಡನೆಯದು ಸಾಮಾನ್ಯವಾಗಿ ಮೇಲೆ ಹೇಳಿದ ಅಲೋಪೇಸಿಯಾ ಏರಿಯೇಟಾ. ನಮ್ಮಲ್ಲಿ ಇದಕ್ಕೆ ಹುಳ ತಿಂದಿದೆ ಎನ್ನುತ್ತಾರೆ. ಹುಳವೇನೂ ಇರುವುದಿಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಕೋಶದ ಮೇಲೆ ದಾಳಿ ಮಾಡಿರುತ್ತದೆ. ಹಲವರಲ್ಲಿ ತಾನಾಗಿ ವಾಪಸ್ಸು ಬರುತ್ತದೆ, ಇಲ್ಲದಿದ್ದರೆ ಚರ್ಮದ ವೈದ್ಯರು ಆ ಜಾಗಕ್ಕೆ ಸ್ಟಿರಾಯ್ಡ್ ಮುಲಾಮು ಅಥವಾ ಇಂಜೆಕ್ಷನ್ ಕೊಡುತ್ತಾರೆ. ಬೋಳಾದ ಜಾಗ ನುಣ್ಣಗಿರದೆ ಕೆಂಪಾಗಿ, ಪೊರೆ ಎದ್ದು, ಕೀವುಗುಳ್ಳೆಯಾಗಿ, ಕೂದಲು ಎಳೆದರೆ ಸಲೀಸಾಗಿ ಬಂದುಬಿಟ್ಟರೆ ಅದು ಹುಳುಕಡ್ಡಿಯಂಥ ಶಿಲೀಂಧ್ರ ಸೋಂಕು ಇರಬಹುದು. ದನಕರು ಸಾಕುವವರಿಗೆ ಪ್ರಾಣಿಗಳಿಂದ ಇದು ತಗುಲುವುದುಂಟು. ಇದಕ್ಕೆ ಸಾಮಾನ್ಯವಾಗಿ ನುಂಗುವ ಮಾತ್ರೆಯೇ ಬೇಕಾಗುತ್ತದೆ.