ಕಛೇರಿಯ ಮೇಜಿಗೊಂದು ಕೀಲಿಪಟ್ಟಿ

ಗಣಕಯಂತ್ರದಲ್ಲಿ ವರ್ಡ್ ಎಂಬ ತಂತ್ರಾಂಶದಿಂದ ಪತ್ರಗಳನ್ನು ಸಿದ್ಧಪಡಿಸುವ ಗುಮಾಸ್ತೆಯರಿಗಾಗಿ ಒಂದೇ ಹಾಳೆಯ ಕೀಲಿಪಟ್ಟಿಯನ್ನು ಬರೆದುಕೊಡಬೇಕೆಂದು ವಾಚಕರೊಬ್ಬರು ಅಪೇಕ್ಷಿಸಿರುವರು. ಇಂತಹ ಕೀಲಿಗಳು ನೂರಾರು ಉಂಟು. ಆದರೆ ಹತ್ತನ್ನು ಮೀರಿದ ಪಟ್ಟಿಯನ್ನು ಕೆಲಸದ ನಡುವೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ.

ಪಟ್ಟಿಯ ಶಿರಸ್ಸಿನಲ್ಲಿ, ಬರೆದುದನ್ನು ಉಳಿಸುವ Ctrl+S ಮತ್ತು ಮಾಡಿದ ಕೆಲಸವನ್ನು ಹಿಂದೆಗೆಯುವ Ctrl+Z ಇರಲಿ. Ctrl ಕೀಲಿಯನ್ನು ಒತ್ತಿ ಹಿಡಿದಿರುವಾಗಲೇ ಅಕ್ಷರದ ಕೀಲಿಯನ್ನು ಒತ್ತತಕ್ಕದ್ದು. ಅನಂತರ ಪ್ರತಿ ಮಾಡುವ Ctrl+C, ಕತ್ತರಿಸುವ Ctrl+X, ಅಂಟಿಸುವ Ctrl+V, ಹುಡುಕುವ Ctrl+F, ಒಂದು ಶಬ್ದದ ಸ್ಥಾನದಲ್ಲಿ ಮತ್ತೊಂದನ್ನಿಡುವ Ctrl+H. ವ್ಯಾಕರಣವನ್ನು ಓದಿದವರು ಇವುಗಳಲ್ಲಿ ಲೋಪ, ಆಗಮ, ಆದೇಶಗಳನ್ನು ಕಂಡು ನಕ್ಕಾರು. ಆದೇಶದಲ್ಲಿ ಮಾತ್ರ ಎಚ್ಚರಿಕೆ ಬೇಕು: ‘ವಾರ’ ಎಂಬುದನ್ನು ‘ತಿಂಗಳು’ ಎಂದು ಒಮ್ಮೆಗೇ ಎಲ್ಲೆಡೆಯೂ ಬದಲಿಸಿದರೆ ‘ಮಂಗಳವಾರ’ವು ‘ಮಂಗಳತಿಂಗಳು’ ಆಗುವುದು. ಒಂದೊಂದನ್ನೇ ನೋಡಿ ಬದಲಿಸುವುದು ಲೇಸು.

ಉಳಿದ ಮೂರು ಕೀಲಿಗಳನ್ನು ಬಲ್ಲವರು ವಿರಳ. ಕಛೇರಿಯಲ್ಲಿ ಹೆಚ್ಚು ಹೊತ್ತನ್ನುಳಿಸುವುವು ಇವೇ ಎಂಬುದು ನನ್ನ ಮತ. ಒಂದು ಪತ್ರವನ್ನೂ ಅದರ ಅನುಬಂಧವನ್ನೂ ನೆನೆಯಿರಿ. ಅನುಬಂಧವು ಹೊಸ ಪುಟದಲ್ಲಿ ಮೊದಲಾಗಬೇಕೆಂದು ಗುಮಾಸ್ತೆಯು Enter ಕೀಲಿಯನ್ನು ಹದಿನಾಲ್ಕು ಸಲ ಒತ್ತಿ ಶೀರ್ಷಿಕೆಯನ್ನು ಕೆಳಕ್ಕೆ ತಳ್ಳುತ್ತಾನೆ. ಅಧಿಕಾರಿಯು ಪತ್ರದಲ್ಲಿ ಎರಡು ಪಂಕ್ತಿಗಳನ್ನು ಸೇರಿಸಿದೊಡನೆ ಆ ಶೀರ್ಷಿಕೆಯೂ ಎರಡು ಪಂಕ್ತಿ ಕೆಳಗಿಳಿದು, ಪುಟದ ತಲೆಯಲ್ಲಿ ಬರಿಯ ಜಾಗ ಉಳಿಯುವುದು. ಹೀಗಾಗಿದೆಯೋ ಎಂಬುದನ್ನು ತಿಳಿಯಲು Ctrl+Shift+8 ಒತ್ತಿರಿ. ಮರೆಯಲ್ಲಿದ್ದ ಗುರುತುಗಳು ತೋರುವುವು; ಶೀರ್ಷಿಕೆಯ ಮೇಲೆ ¶ ಚಿಹ್ನೆಗಳು ಸಾಲಾಗಿ ಒಂಟೊಂಟಿಯಾಗಿ ನಿಂತಿದ್ದರೆ ದೋಷವು ಅದೇ. ಅವುಗಳನ್ನು ಅಳಿಸಿ, ಶೀರ್ಷಿಕೆಯ ಮೊದಲ ಅಕ್ಷರದ ಹಿಂದೆ ಸೂಚಕವನ್ನಿರಿಸಿ, Ctrl+Enter ಒತ್ತಿರಿ. ಇನ್ನು ಪತ್ರವು ಎಷ್ಟು ಬೆಳೆದರೂ ಅನುಬಂಧವು ಹೊಸ ಪುಟದ ತಲೆಯಲ್ಲಿಯೇ ನಿಲ್ಲುವುದು. ಅದೇ Ctrl+Shift+8 ಅನ್ನು ಮತ್ತೊಮ್ಮೆ ಒತ್ತಿದರೆ ಗುರುತುಗಳು ಮರೆಯಾಗುವುವು.

ಹತ್ತನೆಯದು Ctrl+Space. ಬೇರೆ ಕಡೆಯಿಂದ ತಂದು ಅಂಟಿಸಿದ ಮಾತುಗಳು ದಪ್ಪಕ್ಷರದಲ್ಲಿಯೋ ಬಣ್ಣದಲ್ಲಿಯೋ ಬಂದಿದ್ದರೆ, ಅವುಗಳನ್ನು ಆಯ್ದು ಇದನ್ನೊತ್ತಲು ಆ ವೇಷವೆಲ್ಲ ಕಳಚುವುದು. ಆದರೆ ಕನ್ನಡಿಗರಿಗೆ ಇಲ್ಲೊಂದು ಅಪಾಯವುಂಟು. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬರೆದ ಪತ್ರಗಳಲ್ಲಿ ಯಂತ್ರವು ಒಳಗೆ ಇರಿಸಿಕೊಂಡಿರುವುದು ರೋಮನ್ ಲಿಪಿಯ ಸಂಕೇತಗಳನ್ನು. ಅವು ಕನ್ನಡವಾಗಿ ತೋರುವುದು ಆ ಅಕ್ಷರಶೈಲಿಯ ಬಲದಿಂದ ಮಾತ್ರ. Ctrl+Space ಆ ಶೈಲಿಯನ್ನೂ ಕಳಚಿಬಿಟ್ಟರೆ ವಾಕ್ಯಗಳೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುವುವು. ಬರೆದುದು ನಾಶವಾಗಿರುವುದಿಲ್ಲ. ಆ ಕ್ಷಣವೇ Ctrl+Z ಒತ್ತಿದರೆ ಕನ್ನಡವು ಮರಳುವುದು. ಪತ್ರವನ್ನು ಮುಚ್ಚಿದ ಬಳಿಕ Ctrl+Z ಕೈಗೂಡದು. ಆಗ ಆ ಭಾಗವನ್ನು ಆಯ್ದು ಹಿಂದಿನ ನುಡಿ ಶೈಲಿಯನ್ನೇ ಮತ್ತೆ ಕೊಡಬೇಕು.