ಶೀರ್ಷಿಕೆಯಲ್ಲಿ ದೀಪ ಎಷ್ಟು ಸಲ?



ಹಬ್ಬ ಹತ್ತಿರವಾದಂತೆ ಆನ್‌ಲೈನ್ ಅಂಗಡಿಗಳಲ್ಲಿ ‘ದೀಪ ಹಿತ್ತಾಳೆ ದೀಪ ಪೂಜೆ ದೀಪ ದೀಪಾವಳಿ ಮನೆ ಅಲಂಕಾರ ಗಿಫ್ಟ್ ದೀಪ’ ಎಂಬಂಥ ಶೀರ್ಷಿಕೆಗಳು ತುಂಬಿಕೊಳ್ಳುತ್ತವೆ. ಇಷ್ಟು ಓದಿದರೂ ದೀಪದ ಎತ್ತರವಾಗಲಿ, ಬರುವುದು ಒಂದೋ ಜೋಡಿಯೋ ಎಂಬುದಾಗಲಿ ತಿಳಿಯುವುದಿಲ್ಲ. ಮೊಬೈಲಿನಲ್ಲಿ ಶೀರ್ಷಿಕೆಯ ಬಾಲ ಕತ್ತರಿಸಿಹೋಗುವುದರಿಂದ ಮೊದಲ ಕೆಲವು ಪದಗಳೇ ನಿರ್ಣಾಯಕ. ‘ಹಿತ್ತಾಳೆಯ ಕಾಮಾಕ್ಷಿ ದೀಪ, 12 ಸೆಂ.ಮೀ. ಎತ್ತರ, 1 ಜೋಡಿ’ ಎಂದರೆ ಹುಡುಕುವ ಮುಖ್ಯ ಪದಗಳೂ ಉಳಿಯುತ್ತವೆ, ವಸ್ತುವೂ ಕಣ್ಣಿಗೆ ಕಟ್ಟುತ್ತದೆ.

ಪದ ಮತ್ತೆ ಮತ್ತೆ ಬರದಿದ್ದರೆ ಹುಡುಕಾಟದಲ್ಲಿ ಸಿಗುವುದಿಲ್ಲ ಎಂಬುದು ಮಾರಾಟಗಾರರ ವಾದ. ಆದರೆ ಅಮೆಜಾನ್ 2025ರ ಜನವರಿಯಲ್ಲಿ ತಂದ ನಿಯಮವೇ, ಬಹುತೇಕ ವಿಭಾಗಗಳಲ್ಲಿ ಒಂದೇ ಪದ ಶೀರ್ಷಿಕೆಯಲ್ಲಿ ಎರಡಕ್ಕಿಂತ ಹೆಚ್ಚು ಸಲ ಬರಬಾರದು ಎನ್ನುತ್ತದೆ. ಜನ ದಿಯಾ, ವಿಳಕ್ಕು, ಹಣತೆ ಎಂದೆಲ್ಲ ಹುಡುಕುತ್ತಾರೆ ಎಂಬುದು ನಿಜ. ಅದಕ್ಕೆಂದೇ ಗ್ರಾಹಕರಿಗೆ ಕಾಣದ ಹುಡುಕುಪದಗಳ ಖಾನೆಯಿದೆ. ಪರ್ಯಾಯ ಹೆಸರುಗಳಿಗೆ ಜಾಗ ಅಲ್ಲಿ.

ಶೀರ್ಷಿಕೆಯ ಕೆಳಗಿನ ಅಂಶಗಳು ಕೊಳ್ಳುವವರ ಪ್ರಶ್ನೆಗಳಿಗೆ ಉತ್ತರವಾಗಬೇಕು: ಗಟ್ಟಿ ಹಿತ್ತಾಳೆಯೋ ಬರೀ ಲೇಪವೋ, ತೂಕವೆಷ್ಟು, ಎಣ್ಣೆ ಎಷ್ಟು ಹಿಡಿಯುತ್ತದೆ, ಹುಣಸೆಹಣ್ಣಿನಿಂದ ತಿಕ್ಕಬಹುದೇ. ರಂಗೋಲಿಗಾದರೆ ಅದು ಪುಡಿಯೋ, ಅಚ್ಚೋ, ಅಂಟಿಸುವ ಸ್ಟಿಕ್ಕರೋ ಎಂಬುದು ಮೊದಲ ಸಾಲಿನಲ್ಲೇ ಇರಲಿ. ಸ್ಟಿಕ್ಕರನ್ನು ‘ರಂಗೋಲಿ’ ಎಂದಷ್ಟೇ ಕರೆದರೆ ಕ್ಲಿಕ್ ಸಿಕ್ಕೀತು. ಆದರೆ ಪುಡಿ ಬಯಸಿದವರು ಅದನ್ನು ಹಿಂದಿರುಗಿಸಿದಾಗ ಸಾಗಣೆ ವೆಚ್ಚವೂ ಕೆಟ್ಟ ವಿಮರ್ಶೆಯೂ ಮಾರಾಟಗಾರರ ತಲೆಗೇ ಬರುತ್ತವೆ.

– ಓದುಗ, ದಾವಣಗೆರೆ